ಆಣೆ ಹದಿನಾರು ಕಣಮ್ಮ: ನನ್ನ ಗುರುಗಳಿಗೆ ಬರೆದ ಸಂಕ್ರಾಂತಿ ಶುಭಾಶಯ

ನಾನು ಗುಬ್ಬಿ ಕಡೆಯವಳು. ಪರವಾನಗಿ ಪಡೆದ ಸರ್ವೆಯರ್ ಆಗಿ ಕೆಲಸ ಮಾಡುತ್ತೇನೆ. ಈ ಕೆಲಸವನ್ನು ನನಗೆ ಹೊಲದಲ್ಲೇ ನಿಲ್ಲಿಸಿ ಕಲಿಸಿದವರು ಒಬ್ಬ ನಿವೃತ್ತ ಭೂಮಾಪಕರು. ತುಮಕೂರಿನಲ್ಲಿದ್ದಾರೆ. ನಾನು ಅವರನ್ನು ಸರ್ ಅಂತಲೇ ಕರೆಯುವುದು. ಪ್ರತಿ ಸಂಕ್ರಾಂತಿಗೆ ಅವರಿಗೆ ಶುಭಾಶಯ ಕಳಿಸುತ್ತೇನೆ. ಆದರೆ ನನಗೇ ಸಮಾಧಾನ ಆಗುವ ಹಾಗೆ ಬರೆದದ್ದು ಈ ವರ್ಷವೇ. ಅದು ಹೇಗೆ ಆಯಿತು ಅಂತ ಹೇಳುತ್ತೇನೆ.

ಮೊದಲ ವರ್ಷ ಕಬ್ಬು, ಸಕ್ಕರೆ ಅಚ್ಚು, ಗಾಳಿಪಟ ಇರುವ ಒಂದು ಚಿತ್ರ ಕಳಿಸಿದ್ದೆ. ಯಾರೋ ನನಗೆ ಕಳಿಸಿದ್ದನ್ನೇ ಅವರಿಗೆ ದಾಟಿಸಿದ್ದು. ಕೈಮುಗಿದ ಗುರುತು ಒಂದು ವಾಪಸ್ ಬಂತು, ಅಷ್ಟೇ. ಅದರ ಮುಂದಿನ ವರ್ಷ ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆದೆ. ಫೋನಿನಲ್ಲಿ ಮೂರು ಸಲ ಮೇಲೆ ಸರಿಸಿದರೂ ಮುಗಿಯದಷ್ಟು ಉದ್ದ. ಓದಿದವರೇ ಫೋನ್ ಮಾಡಿ, "ಏನಮ್ಮ, ಎಲ್ಲಾ ಚೆನ್ನಾಗಿದೀರಾ? ಏನಾದ್ರೂ ತೊಂದರೆ ಆಗಿದೆಯಾ?" ಅಂತ ಕೇಳಿದರು. ನನ್ನ ಕೃತಜ್ಞತೆ ಅವರಿಗೆ ಕಷ್ಟದ ಸುದ್ದಿಯ ಹಾಗೆ ಕೇಳಿಸಿತ್ತು. ಆಗ ನನಗೆ ತುಂಬಾ ಬೇಜಾರಾಯಿತು.

ಈ ಸಲ ಹಬ್ಬಕ್ಕೆ ಹತ್ತು ದಿನ ಮುಂಚೆಯೇ ಕೂತೆ. ಶುಭಾಶಯ ಬರೆಯಲು ಹೋಗಲಿಲ್ಲ. ಮೊದಲು ಅವರು ನನಗೆ ಮಾಡಿದ ಸಹಾಯಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಮೂರು ನೆನಪು ಮುಂದೆ ಬಂದವು. ಒಂದು, ಅಳತೆಯ ಉಪಕರಣ ಕೊಳ್ಳಲು ಅವರು ಕೊಟ್ಟ ದುಡ್ಡು. ಇನ್ನೊಂದು, ಶುರುವಿನಲ್ಲಿ ಯಾರೂ ಕೆಲಸ ಕೊಡದೇ ಇದ್ದಾಗ ತಮ್ಮ ಪರಿಚಯದವರಿಗೆ ನನ್ನ ಹೆಸರು ಹೇಳಿದ್ದು. ಮೂರನೆಯದು, ಒಂದು ರಾಗಿ ಹೊಲದಲ್ಲಿ ನಡೆದದ್ದು.

ದುಡ್ಡಿನ ವಿಷಯವೇ ದೊಡ್ಡದು ಅಂತ ಮೊದಲು ಅನ್ನಿಸಿತು. ಆದರೆ ಸರ್‌ಗೆ ಈಗ ಕಣ್ಣು ಅಷ್ಟು ಕಾಣುವುದಿಲ್ಲ. ಬಂದ ಮೆಸೇಜನ್ನು ಮಗನೋ ಸೊಸೆಯೋ ಹಾಲ್‌ನಲ್ಲಿ ಕೂತು ಜೋರಾಗಿ ಓದುತ್ತಾರೆ. ಅವರು ದುಡ್ಡು ಕೊಟ್ಟದ್ದು ಮನೆಯಲ್ಲಿ ಗೊತ್ತಿದೆಯೋ ಇಲ್ಲವೋ. ಹಬ್ಬದ ದಿನ ಎಲ್ಲರ ಮುಂದೆ ಅದು ಬಂದರೆ ಅವರಿಗೆ ಮುಜುಗರ. ಹೆಸರು ಹೇಳಿ ಕೆಲಸ ಕೊಡಿಸಿದ್ದನ್ನು ನೆನೆಸಿದರೆ ಇನ್ನೊಂದು ಕೆಲಸ ಕೇಳುತ್ತಿರುವ ಹಾಗೆ ಕಾಣುತ್ತದೆ, ಅಲ್ವಾ? ರಾಗಿ ಹೊಲದ ನೆನಪಿಗೆ ಈ ಎರಡು ತೊಂದರೆಯೂ ಇರಲಿಲ್ಲ. ಅದನ್ನು ಯಾರು ಬೇಕಾದರೂ ಜೋರಾಗಿ ಓದಬಹುದು. ಅದರ ಪೂರ್ತಿ ಅರ್ಥ ಮಾತ್ರ ನಮ್ಮಿಬ್ಬರಿಗೇ ಗೊತ್ತು.

ಆ ದಿನದ ಕಥೆ ಇದು. ಆಗಲೂ ಸಂಕ್ರಾಂತಿ ಹತ್ತಿರ ಬಂದಿತ್ತು. ರಾಗಿ ಕೊಯ್ದು ಹೊಲದಲ್ಲಿ ಕೂಳೆ ಮಾತ್ರ ಉಳಿದಿತ್ತು. ಪೈರು ಇಲ್ಲದ ಹೊಲದಲ್ಲಿ ಬದು, ಕಲ್ಲು ಎಲ್ಲ ಕಣ್ಣಿಗೆ ಕಾಣುತ್ತವೆ, ನಮಗೆ ಅಳೆಯಲು ಅದೇ ಒಳ್ಳೆ ಕಾಲ. ಒಬ್ಬ ರೈತರು ತಮ್ಮ ಸರ್ವೆ ನಂಬರಿನಲ್ಲಿ ಒಂದು ಭಾಗ ಮಾರಲು ಹೊರಟಿದ್ದರು. ಅದಕ್ಕೆ 11ಇ ನಕ್ಷೆ ಬೇಕು. ಮಾರುವ ತುಂಡು ಯಾವುದು, ಉಳಿಯುವುದು ಯಾವುದು ಅಂತ ಅಳೆದು ಬರೆಯುವ ನಕ್ಷೆ ಅದು. ಸರ್, "ನಾನೂ ಬರ್ತೀನಿ, ಸುಮ್ನೆ ಕೂತಿರ್ತೀನಿ" ಅಂತ ಜೊತೆಗೆ ಬಂದಿದ್ದರು.

ಹೊಲದ ಒಂದು ಮೂಲೆಯಲ್ಲಿ ಗಡಿಗೆ ನೆಟ್ಟ ಬಾಂದುಕಲ್ಲು ಕಾಣುತ್ತಿರಲಿಲ್ಲ. ಹಿಂದಿನ ಸರ್ವೆಯ ಅಳತೆಗಳನ್ನು ಬರೆದಿಟ್ಟ ಹಳೆಯ ದಾಖಲೆಗೆ ಟಿಪ್ಪಣಿ ಅನ್ನುತ್ತೇವೆ, ಅದನ್ನು ನೋಡಿ ಕಲ್ಲಿನ ಜಾಗ ಹುಡುಕಬೇಕಿತ್ತು. ಅದೇ ಬದುವಿನ ಸಾಲಿನಲ್ಲಿ ಇರುವ ಒಂದು ಕಲ್ಲಿನಿಂದ ಆ ಮೂಲೆಗೆ 7 ಚೈನು 8 ಆಣೆ ಅಂತ ಟಿಪ್ಪಣಿಯಲ್ಲಿತ್ತು. ನಮ್ಮ ಹಳೆಯ ಅಳತೆಯಲ್ಲಿ ಒಂದು ಚೈನು ಅಂದರೆ 33 ಅಡಿ. ಒಂದು ಚೈನಿಗೆ 16 ಆಣೆ. ಹಾಗಾಗಿ 8 ಆಣೆ ಅಂದರೆ ಅರ್ಧ ಚೈನು. 7 ಚೈನು 8 ಆಣೆ ಅಂದರೆ ಏಳೂವರೆ ಚೈನು, 247 ಅಡಿ 6 ಇಂಚು.

ನಾನು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವಾಗ 7.8 ಅಂತ ಬರೆದುಕೊಂಡೆ. ಕ್ಯಾಲ್ಕುಲೇಟರ್‌ನಲ್ಲಿ 33ರಿಂದ ಗುಣಿಸಿದೆ. 257.4 ಅಡಿ ಬಂತು. ಹೆಚ್ಚುಕಡಿಮೆ ಹತ್ತು ಅಡಿ ಜಾಸ್ತಿ. ಟೇಪು ಎಳೆಸಿದೆ. ನಾನು ಗುರುತು ಹಾಕಿದ ಜಾಗ ಪಕ್ಕದವರ ಹೊಲದ ಒಳಗೆ ಬಿತ್ತು. ಆ ಮೂಲೆಯಿಂದ ಅಡ್ಡಕ್ಕೆ ಹೋಗುವ ಬದು ಹತ್ತು ಚೈನು ಉದ್ದ ಇತ್ತು. ಇನ್ನೊಂದು ತುದಿ ಸರಿಯಿದ್ದು ಈ ತುದಿ ಹತ್ತು ಅಡಿ ಜರುಗಿದರೂ ಒಂದೂವರೆ ಗುಂಟೆ ಆಚೀಚೆ ಆಗುತ್ತದೆ. ಪಕ್ಕದ ಹೊಲದವರು ಅಲ್ಲೇ ನಿಂತಿದ್ದರು. ಅವರ ಧ್ವನಿ ಏರಿತು. ಮಾರುವವರ ಕಡೆಯವರು, "ಸರ್ವೆಯರಮ್ಮನೇ ಹೇಳ್ತಿದಾರಲ್ಲ, ಇಷ್ಟು ವರ್ಷ ನೀವೇ ಒತ್ತಿಕೊಂಡಿದ್ದೀರಿ" ಅಂದರು. ನನ್ನ ಲೆಕ್ಕ ಸರಿ ಅಂತಲೇ ನಾನೂ ನಂಬಿದ್ದೆ.

ಸರ್ ಎದ್ದು ಬಂದು ನನ್ನ ನೋಟ್‌ಬುಕ್ ತೆಗೆದುಕೊಂಡು ನೋಡಿದರು. ಮುಖದಲ್ಲಿ ಏನೂ ತೋರಿಸಲಿಲ್ಲ. "ಬಿಸಿಲು ಜಾಸ್ತಿ ಆಯ್ತು, ಟೀ ಕುಡಿದು ಬರೋಣ ಬಾ" ಅಂದರು. ಹೊಂಗೆ ಮರದ ಕೆಳಗೆ ಕೂತ ಮೇಲೆ ಪೆನ್ಸಿಲಿನ ತುದಿಯನ್ನು ಆ 7.8ರ ನಡುವೆ ಇಟ್ಟರು. "ಈ ಚುಕ್ಕೆ ಎಲ್ಲಿಂದ ಬಂತು?" ಅಂದರು. ನನಗೆ ಹೊಳೆಯಲಿಲ್ಲ. "ಆಣೆ ಹದಿನಾರು ಕಣಮ್ಮ, ಹತ್ತಲ್ಲ" ಅಂದರು.

ನನಗೆ ಅಳು ಬಂತು. ಅವರು ಅದನ್ನು ಕಂಡೂ ಕಾಣದವರ ಹಾಗೆ ಟಿಪ್ಪಣಿ ಬಿಡಿಸಿದರು. ಕಾಣೆಯಾದ ಮೂಲೆಯಿಂದ ಆಚೆಗೆ, ಅದೇ ಸಾಲಿನಲ್ಲಿ ಇನ್ನೊಂದು ಕಲ್ಲಿತ್ತು. ಮೂಲೆಯಿಂದ ಅದಕ್ಕೆ 4 ಚೈನು 4 ಆಣೆ. "ಈಗ ಎರಡನ್ನೂ ಕೂಡಿಸು" ಅಂದರು. ಕೂಡಿಸಿದರೆ 11 ಚೈನು 12 ಆಣೆ, ಅಂದರೆ 387 ಅಡಿ 9 ಇಂಚು. ನನ್ನ ಚುಕ್ಕೆ ಲೆಕ್ಕದಲ್ಲಿ ಕೂಡಿಸಿದರೆ 402 ಅಡಿ ದಾಟುತ್ತಿತ್ತು. "ಇರೋ ಕಲ್ಲಿಂದ ಇರೋ ಕಲ್ಲಿಗೆ ಅಳೆ. ಕಾಣೆಯಾದದ್ದನ್ನು ಆಮೇಲೆ ಹುಡುಕು. ಹೋಗು, ಇನ್ನೊಂದು ಸಲ ಅಳೀತೀನಿ ಅಂತ ನೀನೇ ಹೇಳು" ಅಂದರು. ಅವರು ಮರದ ಕೆಳಗಿಂದ ಏಳಲೇ ಇಲ್ಲ.

ನಾನೇ ಹೋಗಿ ಹೇಳಿದೆ. ಲೆಕ್ಕ ಹಾಕುವಾಗ ನನ್ನಿಂದ ತಪ್ಪಾಗಿದೆ, ಮತ್ತೆ ಅಳೆಯುತ್ತೇನೆ ಅಂತ. ಎರಡು ಕಲ್ಲುಗಳ ನಡುವೆ ಟೇಪು ಹಿಡಿಸಿದೆ. ನಾಲ್ಕೈದು ಇಂಚು ಬಿಟ್ಟರೆ ಟಿಪ್ಪಣಿಗೆ ಸರಿಹೋಯಿತು. ಆಮೇಲೆ ಎದುರು ಕಲ್ಲಿನಿಂದ 4 ಚೈನು 4 ಆಣೆ ಹಿಂದಕ್ಕೆ ಬಂದು ಗುರುತು ಹಾಕಿ ಗುದ್ದಲಿ ಹಾಕಿಸಿದೆ. ಮೊಣಕೈ ಆಳದಲ್ಲಿ ಮುರಿದ ಕಲ್ಲಿನ ಬುಡ ಸಿಕ್ಕಿತು. ಪಕ್ಕದ ಹೊಲದವರು ನನಗೆ ಎಳನೀರು ಕೆತ್ತಿಸಿ ಕೊಟ್ಟರು.

ಇಷ್ಟನ್ನೂ ಶುಭಾಶಯದಲ್ಲಿ ತುಂಬಿದರೆ ಮತ್ತೆ ಹಳೆಯ ಕಥೆಯೇ. ಮೂರು ಸಲ ಬರೆದೆ.

ಮೊದಲನೆಯದು ಹೀಗಿತ್ತು: "ಮಾನ್ಯರೇ, ತಮಗೂ ತಮ್ಮ ಕುಟುಂಬ ವರ್ಗದವರಿಗೂ ಮಕರ ಸಂಕ್ರಾಂತಿಯ ಹಾರ್ದಿಕ ಶುಭಾಶಯಗಳು. ತಮ್ಮ ಅಮೂಲ್ಯ ಮಾರ್ಗದರ್ಶನಕ್ಕೆ ನಾನು ಸದಾ ಚಿರಋಣಿ." ದಿನವೂ ಅರ್ಜಿ, ಮಹಜರು, ವರದಿ ಬರೆದು ನನ್ನ ಕೈಗೆ ಆ ಭಾಷೆ ಅಂಟಿಬಿಟ್ಟಿದೆ. ಇದನ್ನು ಯಾರು ಯಾರಿಗೆ ಬೇಕಾದರೂ ಕಳಿಸಬಹುದು. ಅವರ ಎದುರಿಗೆ ಕೂತು ನಾನು ಒಂದು ದಿನವೂ "ತಮಗೆ" ಅಂದವಳಲ್ಲ. ಅದನ್ನು ಅಳಿಸಿದೆ.

ಎರಡನೆಯದರಲ್ಲಿ ಹೊಲದ ಕಥೆ ತಂದೆ, ಆದರೆ ಚೈನು ಅಂದರೇನು, ಆಣೆ ಅಂದರೇನು ಅಂತ ವಿವರಿಸುತ್ತಾ ಹೋದೆ. ಅದನ್ನು ನನಗೆ ಕಲಿಸಿದವರಿಗೇ ನಾನು ವಿವರಿಸುತ್ತಿದ್ದೆ! ಕೊನೆಯಲ್ಲಿ ಜಮೀನು ಭಾಗ ಮಾಡುವ ಒಂದು ಪೋಡಿ ಪ್ರಕರಣದ ಬಗ್ಗೆ ಅನುಮಾನ ಕೇಳುವ ಸಾಲೂ ಸೇರಿಕೊಂಡಿತ್ತು. ಅನುಮಾನ ನಿಜವಾಗಿಯೂ ಇತ್ತು. ಆದರೆ ಅದು ಜೊತೆಗಿದ್ದರೆ ಮೇಲಿನ ನಮಸ್ಕಾರವೆಲ್ಲ ಅದಕ್ಕಾಗಿಯೇ ಹಾಕಿದ ಹಾಗೆ ಆಗುತ್ತದೆ. ಅದನ್ನು ತೆಗೆದು, ಹಬ್ಬ ಕಳೆದು ಒಂದು ವಾರದ ಮೇಲೆ ಬೇರೆಯಾಗಿ ಕೇಳಿದೆ.

ಮೂರನೆಯದನ್ನು ಬರೆಯುವ ಮುಂಚೆ ಹಳೆಯ ನೋಟ್‌ಬುಕ್ ಹುಡುಕಿ ತೆಗೆದೆ. ನನ್ನ ನೆನಪಿನಲ್ಲಿ 9 ಚೈನು ಅಂತ ಇತ್ತು. ಪುಸ್ತಕದಲ್ಲಿ 7 ಇತ್ತು. ಚುಕ್ಕೆಯ ಮೇಲೆ ಸರ್ ಎಳೆದ ಪೆನ್ಸಿಲ್ ಗೆರೆಯೂ ಹಾಗೇ ಇತ್ತು. ನೋಡದೆ ಬರೆದಿದ್ದರೆ ಅವರಿಗೆ ಕಳಿಸುವ ಅಳತೆಯಲ್ಲೇ ತಪ್ಪಾಗುತ್ತಿತ್ತು.

ಕೊನೆಗೆ ಕಳಿಸಿದ್ದು ಇದು:

"ಸರ್, ನಮಸ್ಕಾರ. ನಿಮಗೂ ಅಮ್ಮನಿಗೂ ಸಂಕ್ರಾಂತಿ ಹಬ್ಬದ ಶುಭಾಶಯಗಳು.

ಮೊನ್ನೆ ಒಂದು ರಾಗಿ ಹೊಲದಲ್ಲಿ ನಿಂತಾಗ ನಿಮ್ಮ ನೆನಪಾಯಿತು. 7 ಚೈನು 8 ಆಣೆಯನ್ನು ನಾನು 7.8 ಅಂತ ಬರೆದಿದ್ದೆ. ನೀವು ಜನರ ಮುಂದೆ ಒಂದು ಮಾತೂ ಆಡದೆ, ಟೀ ನೆಪದಲ್ಲಿ ಮರದ ಕೆಳಗೆ ಕರೆದುಕೊಂಡು ಹೋಗಿ 'ಆಣೆ ಹದಿನಾರು ಕಣಮ್ಮ' ಅಂದಿರಿ. ಆಮೇಲೆ ಮೂಡಲ ಕಲ್ಲಿನಿಂದ ನನ್ನ ಕೈಯಲ್ಲೇ ಮತ್ತೆ ಅಳೆಸಿದಿರಿ.

ಈಗ ನನ್ನ ಹತ್ತಿರ ಒಬ್ಬ ಹುಡುಗ ಕಲಿಯುತ್ತಿದ್ದಾನೆ. ಅವನ ನೋಟ್‌ಬುಕ್ಕಿನಲ್ಲಿ ಚುಕ್ಕೆ ಕಂಡರೆ ನಾನೂ ಟೀ ಕುಡಿಯೋಣ ಬಾ ಅನ್ನುತ್ತೇನೆ.

ಭಾನುವಾರ ಎಳ್ಳು ಬೆಲ್ಲ ತರ್ತೀನಿ ಸರ್."

ನಾನು ಅಮ್ಮ ಅಂದಿದ್ದು ಸರ್ ಅವರ ಹೆಂಡತಿಯನ್ನು. ಸಾಲುಗಳ ನಡುವೆ ಜಾಗ ಬಿಟ್ಟದ್ದು ಸರ್ ಅವರ ಕಣ್ಣಿಗಾಗಿ. ಅಕ್ಷರ ದೊಡ್ಡದು ಮಾಡಿಕೊಂಡಾಗ ಒತ್ತಾಗಿದ್ದರೆ ಅವರಿಗೆ ಸಾಲು ತಪ್ಪುತ್ತದೆ. ಕಳಿಸಿದ್ದು ಹಬ್ಬದ ಹಿಂದಿನ ಸಂಜೆ. ಹಬ್ಬದ ಬೆಳಗ್ಗೆ ಎಲ್ಲರ ಫೋನಿನಲ್ಲೂ ಚಿತ್ರಗಳ ರಾಶಿ ಬಿದ್ದಿರುತ್ತದೆ, ಅದರ ಕೆಳಗೆ ಇದು ಸಿಕ್ಕಿಕೊಳ್ಳುವುದು ನನಗೆ ಬೇಡವಾಗಿತ್ತು.

ರಾತ್ರಿ ಒಂಬತ್ತಕ್ಕೆ ಅವರದೇ ಧ್ವನಿಯಲ್ಲಿ ಒಂದು ವಾಯ್ಸ್ ಮೆಸೇಜ್ ಬಂತು. ಮೊದಲು ಸ್ವಲ್ಪ ಹೊತ್ತು ಬರೀ ಉಸಿರಿನ ಸದ್ದು. ಆಮೇಲೆ, "ಎರಡು ಸಲ ಓದಿಸಿದೆ ಕಣಮ್ಮ. ನಿಮ್ಮಮ್ಮನೂ ಕೇಳಿಸಿಕೊಂಡಳು. ಎಲ್ಲಾ ಸರಿ ಬರೆದಿದ್ದೀಯ. ಅದು ಮೂಡಲ ಕಲ್ಲಲ್ಲ, ತೆಂಕಲ ಕಲ್ಲು. ನೋಟ್‌ಬುಕ್ ನೋಡು" ಅಂದರು.

ನೋಡಿದೆ. ಬದುವಿನ ಸಾಲು ಬಡಗಲಿಂದ ತೆಂಕಲಿಗೆ ಹೋಗಿತ್ತು. ಮೆಸೇಜಿನಲ್ಲಿ ಆ ಒಂದು ಪದ ತಿದ್ದಿ, ಅವರಿಗೆ ಮತ್ತೆ ಕಳಿಸಿದೆ.