ಆ್ಯಪ್‌ನ 1.9 ಆವೃತ್ತಿ ಆದಮೇಲೆ 1.10 ಬಿಡುವವರು ಇದನ್ನು ನೋಡಿಕೊಳ್ಳಿ

ಜಯನಗರದ ಕೆಲವು ಅಂಗಡಿಗಳು ನಮ್ಮ ಬಿಲ್ಲಿಂಗ್ ಆ್ಯಪ್ ಬಳಸುತ್ತವೆ. 1.9.0 ಆದಮೇಲೆ 1.10.0 ಬಿಟ್ಟೆವು. ಯಾರಿಗೂ ಅಪ್‌ಡೇಟ್ ಸೂಚನೆಯೇ ಹೋಗಲಿಲ್ಲ. ನಮ್ಮ ಸರ್ವರ್ ಎರಡನ್ನೂ ಬರೀ ಅಕ್ಷರಗಳಂತೆ ಹೋಲಿಸುತ್ತಿತ್ತು. ಹಾಗೆ ನೋಡಿದರೆ ಚುಕ್ಕಿಯ ನಂತರದ 1, 9ಕ್ಕಿಂತ ಚಿಕ್ಕದು ಅಲ್ವಾ? ಹೊಸದೇ ಹಳೆಯದಾಯಿತು. ಚುಕ್ಕಿ ಇರುವಲ್ಲಿ ಒಡೆದು, ಒಂದೊಂದು ಭಾಗವನ್ನೂ ಪೂರ್ಣ ಸಂಖ್ಯೆಯಾಗಿ ಹೋಲಿಸಿ. ಗಿಟ್ ಟ್ಯಾಗ್‌ಗಳನ್ನು ಸರಿಯಾದ ಕ್ರಮದಲ್ಲಿ ನೋಡಲು:

```
git tag --sort=version:refname
```

ಸರಿಮಾಡಿದ ಮೇಲೆ ಒಬ್ಬ ಅಂಗಡಿಯವರು ಫೋನ್ ಮಾಡಿ, "1.10 ಅಂದ್ರೆ 1.1 ತಾನೇ ಸರ್, ಹಳೇದು ಯಾಕೆ ಹಾಕ್ಲಿ?" ಎಂದರು. ನ್ಯಾಯವಾದ ಪ್ರಶ್ನೆ. ಈಗ ಸೂಚನೆಯಲ್ಲಿ "ಜೂನ್ ಅಪ್‌ಡೇಟ್: ಸಾಲದ ಖಾತೆ ಸೇರಿದೆ" ಎಂದಷ್ಟೇ ಬರೆಯುತ್ತೇವೆ. ಪೂರ್ತಿ ಸಂಖ್ಯೆ ಸೆಟ್ಟಿಂಗ್ಸ್‌ನ ಕೊನೆಯಲ್ಲಿರುತ್ತದೆ. ದೂರು ಬಂದರೆ ಮೊದಲು ಅದನ್ನೇ ಓದಿ ಹೇಳಿಸುತ್ತೇವೆ.