ಕೈಯಲ್ಲಿ ದುಡ್ಡು ಕಡಿಮೆ: ಕ್ರಿಯೇಟಿನ್ ಮೊದಲೋ, ಪ್ರೋಟೀನ್ ಪುಡಿ ಮೊದಲೋ?

ಜಿಮ್‌ಗೆ ಹೋಗಲು ಶುರು ಮಾಡಿದ್ದೀರಿ. ಊಟದಲ್ಲಿ ಪ್ರೋಟೀನ್ ಕಡಿಮೆ ಅಂತ ಗೊತ್ತು. ಆದರೆ ಒಂದು ಡಬ್ಬಕ್ಕಷ್ಟೇ ದುಡ್ಡಿದೆ. ಯಾವುದನ್ನು ಕೊಳ್ಳಬೇಕು?

ಮೊದಲು ಎರಡರ ಕೆಲಸವೂ ಬೇರೆ ಅನ್ನುವುದನ್ನು ತಿಳಿದುಕೊಳ್ಳಿ. ಪ್ರೋಟೀನ್ ಪುಡಿ ಅಂದರೆ ಆಹಾರವೇ, ಒಣಗಿಸಿ ಪುಡಿ ಮಾಡಿದ್ದು ಅಷ್ಟೆ. ಸ್ನಾಯು ಬೆಳೆಯಲು ಬೇಕಾದ ಸರಕು ಅದರಲ್ಲಿದೆ. ಕ್ರಿಯೇಟಿನ್ ಸರಕಲ್ಲ. ಭಾರ ಎತ್ತುವಾಗ ಮೊದಲ ಕೆಲವು ಸೆಕೆಂಡು ಸ್ನಾಯುವಿಗೆ ಬೇಕಾಗುವ ಶಕ್ತಿಯನ್ನು ಅದು ಬೇಗ ಮರುಪೂರಣ ಮಾಡುತ್ತದೆ. ಹಾಗಾಗಿ ಎಂಟು ಸಲ ಎತ್ತುತ್ತಿದ್ದವರು ಒಂಬತ್ತು ಸಲ ಎತ್ತಬಹುದು. ಊಟದಲ್ಲಿ ಪ್ರೋಟೀನ್ ಕೊರತೆ ಇದ್ದರೆ ಅದನ್ನು ಕ್ರಿಯೇಟಿನ್ ತುಂಬುವುದಿಲ್ಲ.

ಹಾಗಾದರೆ ಪುಡಿಯೇ ಮೊದಲು ಅಲ್ವಾ? ಪ್ರೋಟೀನ್ ಮೊದಲು, ನಿಜ. ಪುಡಿಯೇ ಮೊದಲು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಏಕೆಂದು ಲೆಕ್ಕ ಹಾಕಿ ನೋಡೋಣ.

ಮೂರು ದಿನ ತಿಂದದ್ದನ್ನೆಲ್ಲ ತೂಕದ ಸಮೇತ ಬರೆದಿಡಿ. ಅದರಲ್ಲಿ ಒಂದು ದಿನ ರಜೆಯ ದಿನವಾಗಿರಲಿ, ಅವತ್ತು ಊಟ ಬೇರೆಯೇ ಇರುತ್ತದೆ. ಅಂದಾಜು ಮಾಡಲು ಹೋಗಬೇಡಿ. ಬೇಯಿಸಿದ ಕಾಳಿನ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಅದನ್ನು ಒಣ ಕಾಳಿನ ಲೆಕ್ಕಕ್ಕೆ ಹಿಡಿದರೆ ಪ್ರೋಟೀನ್ ಎರಡು ಪಟ್ಟಿಗಿಂತ ಹೆಚ್ಚು ಕಾಣುತ್ತದೆ. ಬಹಳ ಜನ ತಪ್ಪುವುದು ಇಲ್ಲಿಯೇ. ಆಮೇಲೆ ಗುರಿ ಇಟ್ಟುಕೊಳ್ಳಿ. ಭಾರ ಎತ್ತುವ ವ್ಯಾಯಾಮ ಮಾಡುವವರಿಗೆ ದೇಹದ ತೂಕದ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು.

60 ಕಿಲೋ ತೂಕದ ಒಬ್ಬರನ್ನು ತೆಗೆದುಕೊಳ್ಳಿ. ಗುರಿ 96 ಗ್ರಾಂ. ಬರೆದಿಟ್ಟಾಗ ಸಿಕ್ಕಿದ್ದು 50. ಕೊರತೆ 46 ಗ್ರಾಂ. ಇದನ್ನು ಪೂರ್ತಿ ಪುಡಿಯಿಂದಲೇ ತುಂಬಲು ಹೋದರೆ, 30 ಗ್ರಾಂನ ಒಂದು ಸ್ಕೂಪ್‌ಗೆ 24 ಗ್ರಾಂ ಪ್ರೋಟೀನ್ ಕೊಡುವ ಪುಡಿಯಲ್ಲಿ ದಿನಕ್ಕೆ ಎರಡು ಸ್ಕೂಪ್ ಬೇಕು. ಒಂದು ಕಿಲೋ ಡಬ್ಬ ಹದಿನಾರು ದಿನಕ್ಕೆ ಖಾಲಿ. ತಿಂಗಳ ಉಳಿದ ಅರ್ಧಕ್ಕೆ ಏನು ಮಾಡುವುದು?

ಅದೇ ಕೊರತೆಯನ್ನು ಊಟದಿಂದ ತುಂಬಿ ನೋಡಿ. 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ ಸುಮಾರು 26 ಗ್ರಾಂ ಪ್ರೋಟೀನ್ ಇದೆ. ಎರಡು ಮೊಟ್ಟೆಯಲ್ಲಿ 12, ಒಂದು ದೊಡ್ಡ ಲೋಟ ಹಾಲಿನಲ್ಲಿ 8. ಕೂಡಿಸಿದರೆ 46. ಮೊಟ್ಟೆ ತಿನ್ನದವರು ಹಾಲು, ಮೊಸರು, ಕಾಳುಗಳನ್ನು ಹೆಚ್ಚಿಸಿಕೊಳ್ಳಬಹುದು. ಈ ಪದಾರ್ಥಗಳ ಬೆಲೆಯನ್ನೂ ಪುಡಿಯ ಬೆಲೆಯನ್ನೂ ಒಂದೇ ಅಳತೆಗೆ ತನ್ನಿ: ಕೊಟ್ಟ ದುಡ್ಡನ್ನು ಅದರಲ್ಲಿರುವ ಒಟ್ಟು ಪ್ರೋಟೀನ್ ಗ್ರಾಂನಿಂದ ಭಾಗಿಸಿ. ಡಬ್ಬದ ತೂಕದಿಂದ ಭಾಗಿಸಬೇಡಿ. ಮಾಸ್ ಗೇನರ್ ಎಂಬ ದೊಡ್ಡ ಡಬ್ಬಗಳು ಅಗ್ಗ ಅನ್ನಿಸುವುದು ತೂಕ ನೋಡಿದಾಗ ಮಾತ್ರ. ಅವುಗಳಲ್ಲಿ ಬಹುಪಾಲು ಸಕ್ಕರೆ, ಪಿಷ್ಟವೇ ಇರುತ್ತದೆ.

ಈಗ ನಿರ್ಧಾರ ಸುಲಭ. ಊಟದಿಂದಲೇ ಗುರಿ ಮುಟ್ಟುವಂತಿದ್ದರೆ ಮೊದಲು ಅದಕ್ಕೆ ಖರ್ಚು ಮಾಡಿ. ಉಳಿದ ದುಡ್ಡಿನಲ್ಲಿ ಕ್ರಿಯೇಟಿನ್ ತನ್ನಿ. ಅಡುಗೆ ಮಾಡಿಕೊಳ್ಳಲು ಜಾಗವಿಲ್ಲ, ಕಾಳು ಜಾಸ್ತಿ ತಿಂದರೆ ಹೊಟ್ಟೆ ಉಬ್ಬುತ್ತದೆ, ಹೀಗೆ ಏನೇ ಮಾಡಿದರೂ ಇಪ್ಪತ್ತು ಗ್ರಾಂ ಕೊರತೆ ಉಳಿದೇ ಉಳಿಯುತ್ತದೆ ಅನ್ನುವವರಿಗೆ ಪುಡಿಯೇ ಮೊದಲು. ಅದೂ ದಿನಕ್ಕೆ ಒಂದೇ ಸ್ಕೂಪ್. ಆಗ ಒಂದು ಕಿಲೋ ತಿಂಗಳು ಪೂರ್ತಿ ಬರುತ್ತದೆ.

ಕ್ರಿಯೇಟಿನ್ ಕೊಳ್ಳುವಾಗ ಮೊನೊಹೈಡ್ರೇಟ್ ಅನ್ನೇ ಕೇಳಿ. ಜಾಸ್ತಿ ಬೆಲೆಯ ಬೇರೆ ರೂಪಗಳು ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ ಅನ್ನುವುದಕ್ಕೆ ಒಳ್ಳೆಯ ಆಧಾರವಿಲ್ಲ. ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಿಗಾದರೂ ಸರಿ, ವ್ಯಾಯಾಮ ಇಲ್ಲದ ದಿನವೂ ತೆಗೆದುಕೊಳ್ಳಬೇಕು. ಮೊದಲ ವಾರ ದಿನಕ್ಕೆ 20 ಗ್ರಾಂ ತಿನ್ನುವ ಪದ್ಧತಿಯೂ ಇದೆ. ದುಡ್ಡು ಕಡಿಮೆ ಇದ್ದಾಗ ಅದು ಬೇಡ. 3 ಗ್ರಾಂ ತೆಗೆದುಕೊಂಡರೂ ಸುಮಾರು ನಾಲ್ಕು ವಾರದಲ್ಲಿ ಸ್ನಾಯು ಅಷ್ಟೇ ತುಂಬುತ್ತದೆ, ತಿಂಗಳಿಗೆ ಬರೀ 90 ಗ್ರಾಂ ಸಾಕು. ಕ್ರಿಯೇಟಿನ್ ಮಾಂಸ, ಮೀನಿನಿಂದ ಸಿಗುವುದರಿಂದ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಅದು ಕಡಿಮೆ ಇರುತ್ತದೆ. ಅವರಿಗೆ ಲಾಭ ಹೆಚ್ಚು ಕಾಣಬಹುದು.

ಶುರುವಿನ ವಾರಗಳಲ್ಲಿ ತೂಕ ಒಂದು ಕಿಲೋ ಏರಿದರೆ ಅದು ಹೆಚ್ಚಾಗಿ ಸ್ನಾಯುವಿನೊಳಗೆ ಸೇರಿದ ನೀರು. ಪ್ರಯೋಜನ ಆಗಿದೆಯೇ ಅಂತ ತಿಳಿಯಲು ತೂಕದ ಯಂತ್ರ ನೋಡಬೇಡಿ, ವ್ಯಾಯಾಮ ಬರೆದಿಡುವ ಪುಸ್ತಕ ನೋಡಿ. ಅದೇ ಭಾರವನ್ನು ಮೊದಲಿಗಿಂತ ಹೆಚ್ಚು ಸಲ ಎತ್ತುತ್ತಿದ್ದೀರಾ? ಎರಡು ತಿಂಗಳಾದರೂ ಏನೂ ಬದಲಾಗದಿದ್ದರೆ ಮೊದಲು ಪ್ರೋಟೀನ್ ಲೆಕ್ಕವನ್ನು, ನಿದ್ದೆಯನ್ನು ಇನ್ನೊಮ್ಮೆ ನೋಡಿ. ಅವು ಸರಿಯಿದ್ದರೆ ಕ್ರಿಯೇಟಿನ್ ನಿಲ್ಲಿಸಿ. ಅದು ಅಷ್ಟಾಗಿ ಹತ್ತದ ದೇಹಗಳೂ ಇವೆ.

ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಎರಡನ್ನೂ ಮುಟ್ಟಬಾರದು. ಆರೋಗ್ಯವಾಗಿರುವವರೂ ರಕ್ತಪರೀಕ್ಷೆಗೆ ಹೋದಾಗ ಕ್ರಿಯೇಟಿನ್ ತೆಗೆದುಕೊಳ್ಳುತ್ತಿದ್ದೇನೆ ಅಂತ ಹೇಳಬೇಕು. ಮೂತ್ರಪಿಂಡ ಸರಿಯಿದೆಯೇ ಅಂತ ತಿಳಿಯಲು ರಕ್ತದಲ್ಲಿ ಅಳೆಯುವ ಕ್ರಿಯೇಟಿನಿನ್ ಎಂಬ ಅಂಶ ಅದರಿಂದ ಸ್ವಲ್ಪ ಏರಿ, ಮೂತ್ರಪಿಂಡಕ್ಕೆ ಏನೋ ಆಗಿದೆ ಅಂತ ಸುಮ್ನೆ ಗಾಬರಿಯಾಗಬಹುದು.