ಸೊನ್ನೆಯಿಂದ ಬರೆದ ಬಜೆಟ್: ರಸಾಯನಶಾಸ್ತ್ರ ವಿಭಾಗದಲ್ಲಿ ನನ್ನ ಅನುಭವ

ಈ ಸಲ ನಮ್ಮ ವಿಭಾಗ ಕೇಳಿದ ಹಣ ಸುಮಾರು 4.9 ಲಕ್ಷ ರೂಪಾಯಿ, ಮಂಜೂರಾದದ್ದು 4.6 ಲಕ್ಷದ ಹತ್ತಿರ. ಹಿಂದಿನ ವರ್ಷ 6.4 ಲಕ್ಷ ಕೇಳಿ 4 ಲಕ್ಷಕ್ಕೆ ತೃಪ್ತಿಪಟ್ಟಿದ್ದೆವು. ಹೋದ ವರ್ಷದ ಪಟ್ಟಿಯನ್ನು ಬದಿಗಿಟ್ಟು ಪ್ರತಿ ಖರ್ಚಿನ ಅಗತ್ಯವನ್ನೂ ಹೊಸದಾಗಿ ತೋರಿಸುವ ಶೂನ್ಯಾಧಾರಿತ ಬಜೆಟ್ ಮಾಡುತ್ತೇನೆ ಎಂದಾಗ ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು, "ಸೊನ್ನೆಯಿಂದ ಶುರು ಮಾಡಿದರೆ ಸೊನ್ನೆಯೇ ಸಿಗುತ್ತದೆ ಮೇಡಂ, ಹೋದ ವರ್ಷದ ಪಟ್ಟಿಗೆ ಹತ್ತು ಪರ್ಸೆಂಟ್ ಸೇರಿಸಿ ಕೊಟ್ಟುಬಿಡಿ" ಎಂದಿದ್ದರು. ನಮ್ಮ ವಿಭಾಗದಲ್ಲೂ ನಂಬಿದವರು ಕಡಿಮೆ. ಈಗ ಭೌತಶಾಸ್ತ್ರ, ಸಸ್ಯಶಾಸ್ತ್ರ ವಿಭಾಗದವರು ನನ್ನ ಹಾಳೆಗಳನ್ನು ಕೇಳಿಕೊಂಡು ಬರುತ್ತಿದ್ದಾರೆ. ಆದ್ದರಿಂದ ಮಾಡಿದ್ದನ್ನು ಮಾಡಿದಂತೆ ಬರೆಯುತ್ತಿದ್ದೇನೆ.

ಪ್ರತಿ ಖರ್ಚಿಗೂ ಮೂರು ಹಂತದ ಪ್ಯಾಕೇಜ್ ಬರೆಯಬೇಕು: ಕನಿಷ್ಠ, ಈಗಿನ ಮಟ್ಟ, ಸುಧಾರಿತ ಮಟ್ಟ. ಆಮೇಲೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ಆದ್ಯತೆಯಂತೆ ಜೋಡಿಸಬೇಕು. ಇದು ನಿಮಗೆ ಗೊತ್ತಿರುವುದೇ. ಕೆಡುವುದು ಮೊದಲ ಹಂತದಲ್ಲೇ. ಸಹೋದ್ಯೋಗಿಗಳಿಗೆ ನಮೂನೆ ಹಂಚಿದಾಗ ವಾಪಸು ಬಂದ ಹಾಳೆಗಳಲ್ಲಿ ಎಲ್ಲರ "ಕನಿಷ್ಠ"ವೂ ಹೋದ ವರ್ಷದ ಮೊತ್ತವೇ ಆಗಿತ್ತು. ಒಬ್ಬರದು ಅದಕ್ಕಿಂತ ಹೆಚ್ಚು. ಕನಿಷ್ಠಕ್ಕೂ ಈಗಿನ ಮಟ್ಟಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ ಅದು ಹಳೆಯ ಪಟ್ಟಿಗೆ ಹೊಸ ಹೆಸರು ಅಷ್ಟೇ. ಹಾಳೆಗಳನ್ನು ಬದಿಗಿಟ್ಟು ಘಟಕವನ್ನೇ ಬದಲಾಯಿಸಿದೆ. "ರಾಸಾಯನಿಕಗಳು", "ಗಾಜಿನ ಸಾಮಾನು" ಎಂಬ ಶೀರ್ಷಿಕೆಗಳನ್ನು ತೆಗೆದು, ಪಠ್ಯಕ್ರಮದಲ್ಲಿರುವ ಒಂದೊಂದು ಪ್ರಯೋಗವನ್ನೂ ಒಂದು ಘಟಕ ಮಾಡಿದೆ. ಈ ಪ್ರಯೋಗವನ್ನು ಒಬ್ಬ ವಿದ್ಯಾರ್ಥಿ ಮಾಡಲು ಏನೇನು ಎಷ್ಟು ಬೇಕು ಎಂಬ ಒಂದೇ ಪ್ರಶ್ನೆ. ಅದಕ್ಕೆ ಹೋದ ವರ್ಷದ ಮೊತ್ತ ಉತ್ತರವಾಗಲು ಸಾಧ್ಯವೇ ಇಲ್ಲ.

ಸಿಲ್ವರ್ ನೈಟ್ರೇಟನ್ನೇ ತೆಗೆದುಕೊಳ್ಳಿ. ನಮ್ಮ ಪಟ್ಟಿಯಲ್ಲಿ ವರ್ಷಾನುಗಟ್ಟಲೆ 25 ಗ್ರಾಮಿನ ಹತ್ತು ಬಾಟಲಿ ಎಂದಿತ್ತು. ಕೊಟೇಶನ್‌ನಲ್ಲಿ ಬಾಟಲಿಗೆ ನಾಲ್ಕು ಸಾವಿರದ ಆಸುಪಾಸು, ಅಂದರೆ ನಲವತ್ತು ಸಾವಿರ. ಮೋರ್ ವಿಧಾನದ ಕ್ಲೋರೈಡ್ ಟೈಟ್ರೇಶನ್‌ಗೆ ನಾವು 0.05 ನಾರ್ಮಲ್ ದ್ರಾವಣ ಬಳಸುತ್ತಿದ್ದೆವು, ಲೀಟರಿಗೆ ಎಂಟೂವರೆ ಗ್ರಾಂ. ಬ್ಯೂರೆಟ್ ತೊಳೆಯುವುದು, ಮೂರು ರೀಡಿಂಗ್, ಒಂದು ತಪ್ಪಿದರೆ ಮತ್ತೊಂದು ಎಲ್ಲ ಸೇರಿ ಒಬ್ಬರಿಗೆ 60 ಮಿಲಿಲೀಟರ್, ಅಂದರೆ ಅರ್ಧ ಗ್ರಾಂ. ಸುಮಾರು 130 ವಿದ್ಯಾರ್ಥಿಗಳಿಗೆ 65 ಗ್ರಾಂ. ಪರೀಕ್ಷೆಯ ದಿನಗಳದ್ದನ್ನೂ ಸೇರಿಸಿದರೆ 100 ಗ್ರಾಂ, ನಾಲ್ಕು ಬಾಟಲಿ. ಹತ್ತು ಎಲ್ಲಿಂದ ಬಂತು? ವಿದ್ಯಾರ್ಥಿಗಳು ಹೆಚ್ಚಿದ್ದ ಕಾಲದಲ್ಲಿ ಯಾರೋ ಬರೆದದ್ದು ಹಾಗೆಯೇ ನಕಲಾಗುತ್ತಾ ಬಂದಿತ್ತು.

ಸಾಂದ್ರತೆಯನ್ನು 0.02 ನಾರ್ಮಲ್‌ಗೆ ಇಳಿಸಿದರೆ ವರ್ಷಕ್ಕೆ 40 ಗ್ರಾಂ ಸಾಕು, ಎರಡು ಬಾಟಲಿ. ಆದರೆ ಇದಕ್ಕೊಂದು ಬೆಲೆ ಇದೆ. ದ್ರಾವಣ ತೆಳುವಾದಷ್ಟೂ ಬಣ್ಣ ತಿರುಗುವ ಬಿಂದು ಮಸುಕಾಗುತ್ತದೆ. ಕ್ಲೋರೈಡ್ ಇಲ್ಲದ ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕಿ ಬ್ಲಾಂಕ್ ತೆಗೆದು ಕಳೆಯದಿದ್ದರೆ ಉತ್ತರ ಹೆಚ್ಚಿಗೆ ಬರುತ್ತದೆ. ಇದನ್ನೇ ಹಂತಗಳಾಗಿ ಬರೆದೆ. ಕನಿಷ್ಠ ಹಂತದಲ್ಲಿ 0.02 ನಾರ್ಮಲ್, ಬ್ಲಾಂಕ್ ಕಡ್ಡಾಯ, ಎರಡು ಬಾಟಲಿ. ಎರಡನೇ ಹಂತದಲ್ಲಿ 0.05 ನಾರ್ಮಲ್, ಇನ್ನೆರಡು ಬಾಟಲಿ. ದಾಸ್ತಾನು ಪುಸ್ತಕ ಹಿಡಿದು ಕಪಾಟು ತೆಗೆದಾಗ ಸೀಲ್ ಒಡೆಯದ ಎರಡು ಬಾಟಲಿ ಸಿಕ್ಕವು. ಹಾಗಾಗಿ ಕನಿಷ್ಠ ಹಂತಕ್ಕೆ ಕೇಳಬೇಕಾದ ಹಣ ಶೂನ್ಯ. ನಲವತ್ತು ಸಾವಿರದ ಸಾಲು ಎಂಟು ಸಾವಿರಕ್ಕೆ ಬಂದು, ಆ ಎಂಟೂ ಎರಡನೇ ಹಂತದಲ್ಲಿ ನಿಂತಿತು. ಕಪಾಟು ಎಣಿಸದೆ ಈ ಕೆಲಸಕ್ಕೆ ಇಳಿಯಬೇಡಿ. ನಮ್ಮ ಅಟೆಂಡರ್ ಇಲ್ಲದಿದ್ದರೆ ನನಗೆ ಅರ್ಧ ಬಾಟಲಿಗಳೂ ಸಿಗುತ್ತಿರಲಿಲ್ಲ.

ಇದೇ ಹುಮ್ಮಸ್ಸಿನಲ್ಲಿ ಟೈಟ್ರೇಶನ್ ಕೆಸರಿನಿಂದ ಬೆಳ್ಳಿ ಹಿಂದೆ ಪಡೆಯಲೂ ಹೊರಟೆ. ಸತು ಮತ್ತು ತೆಳು ಸಲ್ಫ್ಯೂರಿಕ್ ಆಮ್ಲದಲ್ಲಿ ಬೂದು ಬಣ್ಣದ ಬೆಳ್ಳಿಪುಡಿ ಚೆನ್ನಾಗಿಯೇ ಬಂತು, ಮೂರರಲ್ಲಿ ಎರಡು ಪಾಲು ವಾಪಸಾಯಿತು ಎನ್ನಬಹುದು. ಆದರೆ ಅದನ್ನು ಮತ್ತೆ ನೈಟ್ರೇಟ್ ಮಾಡಲು ನೈಟ್ರಿಕ್ ಆಮ್ಲ, ಫ್ಯೂಮ್ ಹುಡ್, ಒಬ್ಬರ ವಾರಗಟ್ಟಲೆ ಶ್ರಮ ಬೇಕು. ಮೇಲಾಗಿ ಸೂಚಕದ ಕ್ರೋಮೇಟ್ ಕೆಸರಿನಲ್ಲೇ ಉಳಿದಿರುತ್ತದೆ. ಲೆಕ್ಕ ಕೂಡಲಿಲ್ಲ, ಬಜೆಟ್ಟಿಗೆ ಸೇರಿಸಲಿಲ್ಲ. ಕೆಸರು ಕೂಡಿಡುವ ಜಾಡಿಯನ್ನು ಮಾತ್ರ ಹಾಗೆಯೇ ಇಟ್ಟಿದ್ದೇನೆ. ಬೆಳ್ಳಿಯೂ ಕ್ರೋಮಿಯಮ್ಮೂ ಸಿಂಕಿಗೆ ಹೋಗಬಾರದು.

ಅತಿ ಹೆಚ್ಚು ಜಗಳವಾದದ್ದು ಸ್ಪೆಕ್ಟ್ರೋಫೋಟೋಮೀಟರಿನ ವಾರ್ಷಿಕ ನಿರ್ವಹಣಾ ಒಪ್ಪಂದದ ಮೇಲೆ, ಸುಮಾರು 35 ಸಾವಿರ. "ಇದನ್ನು ಪ್ರಶ್ನಿಸುವ ಹಾಗೇ ಇಲ್ಲ" ಎಂದರು ಸಹೋದ್ಯೋಗಿಗಳು. ಒಪ್ಪಂದದ ಕಾಗದ ತೆಗೆದು ಓದಿದರೆ ದೀಪಗಳು ಅದರಲ್ಲಿ ಸೇರಿಯೇ ಇರಲಿಲ್ಲ, ನಮ್ಮಲ್ಲಿ ಮತ್ತೆ ಮತ್ತೆ ಕೈಕೊಡುತ್ತಿದ್ದದ್ದು ಅತಿನೇರಳೆ ಬೆಳಕು ಕೊಡುವ ಡ್ಯೂಟೀರಿಯಂ ದೀಪವೇ. ಪದವಿ ಪ್ರಯೋಗಗಳಲ್ಲಿ ಪರ್‌ಮ್ಯಾಂಗನೇಟಿನ ಬಿಯರ್-ಲ್ಯಾಂಬರ್ಟ್ ಪರೀಕ್ಷೆ 525 ನ್ಯಾನೋಮೀಟರಿನ ಹತ್ತಿರ ನಡೆಯುತ್ತದೆ, ಅದಕ್ಕೆ ಕಲರಿಮೀಟರ್ ಸಾಕು. ಡ್ಯೂಟೀರಿಯಂ ದೀಪ ಬೇಕಾದದ್ದು 220ರಲ್ಲಿ ನೈಟ್ರೇಟ್ ಅಳೆಯುವ ಅಂತಿಮ ವರ್ಷದ ಪ್ರಾಜೆಕ್ಟುಗಳಿಗೆ. ಆದ್ದರಿಂದ ಕನಿಷ್ಠದಲ್ಲಿ ಒಪ್ಪಂದವಿಲ್ಲ, ಒಂದು ಭೇಟಿಯ ಶುಲ್ಕ ಮಾತ್ರ. ಎರಡನೇ ಹಂತದಲ್ಲಿ ಒಂದು ದೀಪ. ಒಪ್ಪಂದ ಮೂರನೇ ಹಂತಕ್ಕೆ. ದೃಗ್ಗೋಚರ ತರಂಗಗಳಲ್ಲಿ ಕೆಲಸ ಮಾಡುವಾಗ ಡ್ಯೂಟೀರಿಯಂ ದೀಪ ಆರಿಸಿಡುವ ನಿಯಮವನ್ನು ಅಂದೇ ಗೋಡೆಗೆ ಅಂಟಿಸಿದೆ.

ಆದ್ಯತೆ ಜೋಡಿಸುವಾಗ ಒಂದು ಹಳೆಯ ಚಾಲಾಕಿ ಕಾಣಿಸಿಕೊಳ್ಳುತ್ತದೆ. ನಿಲ್ಲಿಸಲಾಗದ ಖರ್ಚನ್ನು ಬೇಕೆಂದೇ ಪಟ್ಟಿಯ ಕೊನೆಗಿಟ್ಟು, ಅದರ ಮೇಲಿರುವುದೆಲ್ಲ ತಾನಾಗಿ ಪಾಸಾಗಲಿ ಎಂದು ಕಾಯುವುದು. ನಮ್ಮಲ್ಲಿ ಬರ್ನರ್‌ಗಳ ಗ್ಯಾಸ್ ಹೀಗೆ ಕೆಳಗೆ ಕುಳಿತಿತ್ತು. ಪ್ರತಿ ಸಾಲಿನ ಮುಂದೆ "ಇದು ಸಿಗದಿದ್ದರೆ ಯಾವ ಪ್ರಯೋಗ ನಿಲ್ಲುತ್ತದೆ, ಯಾವ ಸೆಮಿಸ್ಟರಿನವರಿಗೆ" ಎಂದು ಬರೆಸಿದ ಮೇಲೆ ಗ್ಯಾಸ್ ತಾನಾಗಿ ಮೇಲಕ್ಕೆ ಬಂತು. ಹಣಕಾಸು ಸಮಿತಿಯ ಮುಂದೆ ಮೊದಲ ಪುಟವನ್ನು ಹೇಗೆ ಇಟ್ಟೆ ಎಂಬುದನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ. ಮುಂದಿನ ವರ್ಷವೂ ಅದು ನನಗೆ ಬೇಕು.

ಕನಿಷ್ಠ 3.1, ಎರಡನೇ ಹಂತ 1.1, ಮೂರನೆಯದು 0.7 ಲಕ್ಷ. ಸಮಿತಿ ಮೂರನೇ ಹಂತದ ನಡುವೆ ಗೆರೆ ಎಳೆಯಿತು, ನಿರ್ವಹಣಾ ಒಪ್ಪಂದ ಗೆರೆಯ ಕೆಳಗೆ ಹೋಯಿತು. ಇಲ್ಲಿಯವರೆಗೆ ಅದರ ಕೊರತೆ ಕಂಡಿಲ್ಲ.

ಈ ವಿಧಾನಕ್ಕೆ ಕಾಣದ ಖರ್ಚೂ ಇದೆ. ನಮ್ಮ ಬಟ್ಟಿಯ ನೀರಿನ ಯಂತ್ರ ಮೂರು ಕಿಲೋವ್ಯಾಟಿನದು, ಗಂಟೆಗೆ ನಾಲ್ಕು ಲೀಟರ್ ಕೊಡುತ್ತದೆ. ಪ್ರತಿ ಲೀಟರಿಗೆ ಮುಕ್ಕಾಲು ಯೂನಿಟ್ ವಿದ್ಯುತ್, ಜೊತೆಗೆ ತಂಪಾಗಿಸಲು ಬಕೆಟ್‌ಗಟ್ಟಲೆ ನೀರು. ವಿಭಾಗದ ಬಜೆಟ್ಟಿನಲ್ಲಿ ಅದರ ಬೆಲೆ ಸೊನ್ನೆ, ಏಕೆಂದರೆ ಬಿಲ್ ಕಟ್ಟುವುದು ಕಾಲೇಜು. ಅದರ ಬದಲು, ಕುದಿಸದೆಯೇ ನೀರು ಶುದ್ಧ ಮಾಡುವ ಅಯಾನು ವಿನಿಮಯ ಕಾಲಮ್ ಕೇಳಿದರೆ ಹೆಚ್ಚುವರಿ ಖರ್ಚಾಗಿ ಕಾಣುತ್ತದೆ. ಇದನ್ನು ಪ್ರಾಂಶುಪಾಲರಿಗೆ ಬೇರೆ ಟಿಪ್ಪಣಿಯಾಗಿ ಕೊಟ್ಟಿದ್ದೇನೆ.

ಇನ್ನೊಂದು ತೊಡಕು ಕ್ಯಾಲೆಂಡರಿನದು. ಬೇಡಿಕೆ ಸಲ್ಲಿಸುವುದು ಜನವರಿಯಲ್ಲಿ, ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಶುರು, ಪ್ರವೇಶ ಮುಗಿಯುವುದು ಅದಾಗಿ ತಿಂಗಳುಗಳ ಮೇಲೆ. 130 ಎಂಬುದು ಊಹೆ. ಹಾಗಾಗಿ ರಾಸಾಯನಿಕಗಳಿಗೆ ಮೊತ್ತದ ಜೊತೆ ತಲಾ ದರವನ್ನೂ ಬರೆದು, ಪ್ರವೇಶ ಮುಗಿದ ದಿನ ಆ ದರದಿಂದಲೇ ಮೊತ್ತ ಏರಲಿ ಅಥವಾ ಇಳಿಯಲಿ ಎಂದು ಸಮಿತಿಯಿಂದ ಒಪ್ಪಿಗೆ ಪಡೆದೆ. ಎಲ್ಲವನ್ನೂ ಪ್ರತಿ ವರ್ಷ ಸೊನ್ನೆಯಿಂದ ಬರೆಯುವ ಉದ್ದೇಶವಿಲ್ಲ, ಎರಡು ತಿಂಗಳ ಸಂಜೆಗಳು ಅದಕ್ಕೇ ಹೋದವು. ಮುಂದಿನ ವರ್ಷ ತಲಾ ದರ ಮತ್ತು ದಾಸ್ತಾನನ್ನು ಮಾತ್ರ ತಿದ್ದುತ್ತೇನೆ. ಪಠ್ಯಕ್ರಮ ಬದಲಾದಾಗ ಆ ಪ್ರಯೋಗಗಳನ್ನು ಮತ್ತೆ ಸೊನ್ನೆಯಿಂದ ಬರೆಯುತ್ತೇನೆ.